ಅಮ್ಮನ ಫೋನ್ ಅರೇಬಿಕ್ ಆಗಿಬಿಟ್ಟರೆ, ಕರೆಯಲ್ಲೇ ಕನ್ನಡಕ್ಕೆ ತರುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಶನಿವಾರಸಂತೆಯಿಂದ ಅಮ್ಮನ ಕರೆ ಬಂತು. "ಮಗಾ, ಫೋನಲ್ಲಿ ಏನೋ ಬೇರೆ ಭಾಷೆ ಬಂದಿದೆ, ಒಂದಕ್ಷರವೂ ಗೊತ್ತಾಗ್ತಿಲ್ಲ" ಅಂದರು. ರಜೆಗೆ ಬಂದ ಮೊಮ್ಮಗ ಆಟವಾಡುತ್ತಾ ಭಾಷೆ ಬದಲಿಸಿದ್ದ. ನನಗಿಂತ ಮೊದಲು ಅಣ್ಣ ಅರ್ಧ ಗಂಟೆ "ಸೆಟ್ಟಿಂಗ್ಸ್‌ಗೆ ಹೋಗು, ಲ್ಯಾಂಗ್ವೇಜ್ ಒತ್ತು" ಎಂದು ಹೇಳಿ ಹೇಳಿ, ಅಮ್ಮನ ಕಣ್ಣಲ್ಲಿ ನೀರು ಬರಿಸಿದ್ದ. ಓದಲು ಬಾರದ ಪರದೆಯಲ್ಲಿ ಹೆಸರು ಹೇಳಿದರೆ ಏನು ಸಿಗುತ್ತದೆ? ಆಕಾರ, ಬಣ್ಣ, ಜಾಗ, ಇಷ್ಟನ್ನೇ ಹೇಳಬೇಕು.

ಮೊದಲು ಸ್ಪೀಕರ್ ಹಾಕಿಸಿ. ಅಲೆಗಳು ಹೊರಡುತ್ತಿರುವ ಸ್ಪೀಕರಿನ ಚಿತ್ರ ಅದು. ಕೆಂಪು ಗುಂಡಿ ಮುಟ್ಟಬಾರದು ಅಂತ ಆಗಲೇ ಹೇಳಿಬಿಡಿ. ಕರೆಯ ಪರದೆಯಿಂದ ಹೊರಗೆ ಬಂದರೂ ಕರೆ ಕಟ್ ಆಗುವುದಿಲ್ಲ ಅನ್ನುವುದನ್ನೂ ತಿಳಿಸಿ. ಇದು ಗೊತ್ತಿಲ್ಲದೆ ಅಮ್ಮಂದಿರು ಹೆದರಿ ಕದಲುವುದೇ ಇಲ್ಲ.

ಈಗ ಎಲ್ಲರೂ ಎಡವುವ ಜಾಗ. ಚೈನೀಸ್, ಥಾಯ್ ಬಂದರೆ ಅಕ್ಷರ ಮಾತ್ರ ಬದಲಾಗುತ್ತದೆ. ಅರೇಬಿಕ್, ಉರ್ದು, ಹೀಬ್ರೂ ಬಂದರೆ ಪರದೆಯೇ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಬಿಡುತ್ತದೆ, ಏಕೆಂದರೆ ಅವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ನಿಮ್ಮ ಫೋನಿನಲ್ಲಿ ಎಡಕ್ಕಿರುವ ಚಿತ್ರ ಅಮ್ಮನಿಗೆ ಬಲಕ್ಕೆ ಕಾಣುತ್ತದೆ. ಹಿಂದೆ ಹೋಗುವ ಬಾಣ ಬಲ ಮೂಲೆಯಲ್ಲಿ ಬಲಕ್ಕೇ ಮುಖ ಮಾಡಿರುತ್ತದೆ. ಅಣ್ಣ ಅವನ ಫೋನ್ ನೋಡಿಕೊಂಡು ಎಡ ಅನ್ನುತ್ತಿದ್ದ, ಅಮ್ಮನ ಎಡದಲ್ಲಿ ಬೇರೇನೋ ಇತ್ತು. ಆದ್ದರಿಂದ ಮೊದಲ ಪ್ರಶ್ನೆ ಇದೇ ಇರಲಿ: "ಅಮ್ಮ, ಮೇಲ್ಗಡೆ ಬ್ಯಾಟರಿ ಗುರುತು ಯಾವ ಕಡೆ ಇದೆ?" ಮಾಮೂಲಾಗಿ ಅದು ಬಲಕ್ಕಿರುತ್ತದೆ. "ಎಡಕ್ಕೆ" ಅಂದರೆ ಪರದೆ ತಿರುಗಿದೆ. ಅಲ್ಲಿಂದ ಮುಂದೆ ಎಡ ಬಲ ಎಲ್ಲವನ್ನೂ ಅದಲು ಬದಲು ಮಾಡಿಯೇ ಹೇಳಿ. ನಾನು ಒಂದು ಚೀಟಿಯಲ್ಲಿ "ತಿರುಗಿದೆ" ಎಂದು ಬರೆದು ಕಣ್ಣೆದುರು ಇಟ್ಟುಕೊಂಡಿದ್ದೆ.

ಪರದೆಯ ಮೇಲಿನಿಂದ ಕೆಳಕ್ಕೆ ಎರಡು ಸಲ ಬೆರಳು ಎಳೆಸಿ. ಹಲ್ಲಿರುವ ಚಕ್ರ ಹುಡುಕಲು ಹೇಳಿ. ನಾನು "ಕಾಫಿ ಪಲ್ಪರಿನ ಹಲ್ಲುಚಕ್ರ" ಅಂದೆ, ತಕ್ಷಣ ಸಿಕ್ಕಿತು.

ಸೆಟ್ಟಿಂಗ್ಸ್ ಪಟ್ಟಿ ತೆರೆದ ಮೇಲೆ ಮೇಲಿನಿಂದ ಎಣಿಸಲೇಬೇಡಿ. ಮೇಲೆ ಆಗಾಗ ಏನೇನೋ ಸೂಚನೆಗಳು ಬಂದು ಕೂರುತ್ತವೆ, ಲೆಕ್ಕ ತಪ್ಪುತ್ತದೆ. ಪಟ್ಟಿಯ ಕೊನೆ ಮುಟ್ಟುವವರೆಗೆ ಸರಿಸಲು ಹೇಳಿ, ಕೆಳಗಿನಿಂದ ಎಣಿಸಿ. ಅಮ್ಮನ ಫೋನಿನಲ್ಲಿ ಕೆಳಗಿನಿಂದ ಮೂರನೆಯದು ಸಿಸ್ಟಮ್, ವೃತ್ತದೊಳಗೆ i ಇರುವ ಚಿತ್ರ. ಬೇರೆ ಕಂಪನಿಯ ಫೋನಾದರೆ ಚಿತ್ರವೂ ಜಾಗವೂ ಬೇರೆ. ಅದಕ್ಕೇ ಅದೇ ಮಾಡೆಲ್ ಫೋನ್ ಮನೆಯಲ್ಲಿ ಯಾರ ಹತ್ತಿರವಿದ್ದರೂ ಕೈಯಲ್ಲಿ ಹಿಡಿದುಕೊಳ್ಳಿ.

ಸಿಸ್ಟಮ್ ಒಳಗೆ ಭೂಗೋಳದ ಚಿತ್ರವಿರುವ ಸಾಲು ಭಾಷೆಯದು. "ಸಿಪ್ಪೆ ಸುಲಿದ ಕಿತ್ತಳೆ, ತೊಳೆಗಳ ಗೆರೆ ಕಾಣ್ತಿದೆಯಲ್ಲ, ಹಾಗಿದೆ ನೋಡಮ್ಮ" ಅಂದೆ. ಅದೇ ಪುಟದಲ್ಲಿ ಸುತ್ತು ಬಾಣದ ಚಿತ್ರ ಕಂಡರೆ ಮುಟ್ಟಬಾರದು, ಅದು ರೀಸೆಟ್. ಒಂದು ಸಲ ಮುಟ್ಟಿದರೆ ಏನೂ ಅಳಿಯುವುದಿಲ್ಲ, ಮತ್ತೆ ಮತ್ತೆ ಕೇಳುತ್ತದೆ. ಆದರೆ ಓದಲಾಗದವರು ಎಲ್ಲದಕ್ಕೂ ಒತ್ತುತ್ತಾ ಹೋಗುತ್ತಾರೆ.

ಇಲ್ಲೊಂದು ಮಾತು. ಅಮ್ಮನ ಫೋನನ್ನು ದೂರದಿಂದಲೇ ನೋಡುವ, ನಡೆಸುವ ಆ್ಯಪ್ ಹಾಕಿಸಿಬಿಡೋಣ ಅಂತ ಅಣ್ಣ ಹೇಳಿದ. ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಕರೆ ಮಾಡಿದವರು ಹೇಳಿದರು ಅಂತ ಆ್ಯಪ್ ಹಾಕುವ ಅಭ್ಯಾಸವನ್ನು ನಾವೇ ಕಲಿಸಿದ ಹಾಗಾಗುತ್ತದೆ. ಬ್ಯಾಂಕಿನವರು ಅಂತ ಹೇಳಿಕೊಂಡು ಮೋಸ ಮಾಡುವವರು ಹಾಕಿಸುವುದೂ ಅಂಥದ್ದನ್ನೇ.

ಭಾಷೆಗಳ ಪಟ್ಟಿಯಲ್ಲಿ ಒಂದು ಸಮಾಧಾನ. ಅಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತದೆ. ಅಮ್ಮನಿಗೆ ಮೇಲೆ ಅರೇಬಿಕ್, ಕೆಳಗೆ "ಕನ್ನಡ" ಕಂಡಿತು. "ಇದೆ ಮಗಾ, ನಮ್ಮ ಅಕ್ಷರ ಇದೆ!" ಅಂದರು. ಇಲ್ಲದಿದ್ದರೆ ಕೂಡಿಸುವ + ಗುರುತು ಮುಟ್ಟಿಸಿ, ಬರುವ ಪಟ್ಟಿಯಲ್ಲಿ ಕನ್ನಡ ಆರಿಸಲು ಹೇಳಿ.

ಆದರೆ ಕನ್ನಡದ ಹೆಸರನ್ನು ಮುಟ್ಟಿದರೆ ಸಾಲದು, ಅದು ಮೊದಲ ಸಾಲಿಗೆ ಬರಬೇಕು. ಆ ಸಾಲಿನ ಒಂದು ತುದಿಯಲ್ಲಿ ಲೆಕ್ಕದ ಸಮ ಚಿಹ್ನೆಯಂತೆ ಎರಡು ಅಡ್ಡ ಗೆರೆ ಇರುತ್ತವೆ. ನಿಮ್ಮ ಫೋನಿನಲ್ಲಿ ಬಲತುದಿ, ಅರೇಬಿಕ್ ಪರದೆಯಲ್ಲಿ ಎಡತುದಿ. ಬೆರಳನ್ನು ಅದರ ಮೇಲಿಟ್ಟು, ಎತ್ತದೆ, ಮೇಲಕ್ಕೆ ಎಳೆದು ಬಿಡಬೇಕು. ಅಮ್ಮ ಎರಡು ಸಲ ನಡುವೆ ಬೆರಳೆತ್ತಿದರು, ಸಾಲು ವಾಪಸ್ ಕೆಳಗಿಳಿಯಿತು. "ಬೆರಳು ಅಂಟಿಕೊಂಡಿದೆ ಅಂದ್ಕೋ, ನಾನು ಬಿಡು ಅನ್ನೋವರೆಗೂ ಬಿಡಬೇಡ" ಅಂದೆ. ಮೂರನೇ ಸಲ ಪರದೆ ಪೂರ್ತಿ ಕನ್ನಡವಾಯಿತು, ಬ್ಯಾಟರಿಯೂ ಬಲಕ್ಕೆ ಬಂತು.

ಕೊನೆಗೆ ಅರೇಬಿಕ್ ತೆಗೆಸಿಬಿಡಿ. ಬಲ ಮೇಲ್ಮೂಲೆಯಲ್ಲಿ, ಒಂದರ ಕೆಳಗೊಂದು ಇಟ್ಟ ಮೂರು ಮೆಣಸಿನ ಕಾಳಿನಂಥ ಚುಕ್ಕೆ ಇರುತ್ತವೆ. ಅಲ್ಲಿ ತೆಗೆಯುವ ಆಯ್ಕೆ ಸಿಗುತ್ತದೆ. ಈಗ ಅಮ್ಮ ಅದನ್ನು ಓದಿಯೇ ಮುಟ್ಟಬಹುದು.