ತಾರಸಿಗೆ ಬೀಳುವ ಬಿಸಿಲೆಷ್ಟು? ನೆರಳನ್ನು ಓಡಿಸಿ ಲೆಕ್ಕ ಹಾಕುವ ಬಗೆ

ತಾರಸಿಯ ಅಳತೆ ಗೊತ್ತಿದ್ದ ಮಾತ್ರಕ್ಕೆ ಅಲ್ಲಿ ಎಷ್ಟು ಸೌರ ವಿದ್ಯುತ್ ಸಿಗುತ್ತದೆಂದು ಹೇಳಲಾಗದು. ಮೆಟ್ಟಿಲು ಕೋಣೆ, ನೀರಿನ ಟ್ಯಾಂಕ್, ಪಕ್ಕದ ಕಟ್ಟಡ, ಮರ, ಇವೆಲ್ಲ ದಿನವಿಡೀ ಬೇರೆ ಬೇರೆ ಕಡೆ ನೆರಳು ಚಾಚುತ್ತವೆ. ನೆಲ, ಕಟ್ಟಡ, ಮರಗಳ ಎತ್ತರವನ್ನು ಚೌಕ ಚೌಕವಾಗಿ ದಾಖಲಿಸಿದ ಮೇಲ್ಮೈ ಮಾದರಿಯ (ಡಿಎಸ್‌ಎಂ) ಮೇಲೆ ಆ ನೆರಳನ್ನು ಓಡಿಸಿ ನೋಡುವ ವಿಧಾನ ಇಲ್ಲಿದೆ. ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ಗ್ರಾಸ್ ಜಿಐಎಸ್ ಸಾಕು.

ಮೊದಲು ಮಾದರಿ. ಡ್ರೋನ್ ಅಥವಾ ಲೈಡಾರ್ ಸಮೀಕ್ಷೆಯಿಂದ ಬಂದ, ಅರ್ಧ ಮೀಟರ್ ಚೌಕದ ಡಿಎಸ್‌ಎಂ ಇರಲಿ. ಉಪಗ್ರಹದ 30 ಮೀಟರ್ ಮಾದರಿಯಲ್ಲಿ ಇಡೀ ಮನೆ ಒಂದೇ ಚೌಕದೊಳಗೆ ಅಡಗಿಹೋಗುತ್ತದೆ. ತಾರಸಿಯಷ್ಟನ್ನೇ ಕತ್ತರಿಸಿಕೊಳ್ಳಬೇಡಿ. ಸೂರ್ಯ 10 ಡಿಗ್ರಿ ಎತ್ತರದಲ್ಲಿದ್ದಾಗ ನೆರಳು ವಸ್ತುವಿನ ಎತ್ತರದ ಸುಮಾರು 5.7 ಪಟ್ಟು ಉದ್ದ ಬೀಳುತ್ತದೆ. ನಿಮ್ಮ ತಾರಸಿಗಿಂತ 15 ಮೀಟರ್ ಎತ್ತರದ ಕಟ್ಟಡ 85 ಮೀಟರ್ ಆಚೆಯಿಂದಲೂ ನೆರಳು ಹಾಕಬಲ್ಲದು. ಸುತ್ತ 100 ಮೀಟರ್ ಉಳಿಸಿಕೊಳ್ಳಿ. ನಿರ್ದೇಶಾಂಕಗಳು ಡಿಗ್ರಿಯಲ್ಲಲ್ಲ, ಮೀಟರ್‌ನಲ್ಲಿರಬೇಕು.

ನೆರಳು ಎಷ್ಟು ಬದಲಾಗುತ್ತದೆ ಎಂಬುದಕ್ಕೆ 15 ಡಿಗ್ರಿ ಉತ್ತರ ಅಕ್ಷಾಂಶದ ಒಂದು ಸಮತಟ್ಟು ತಾರಸಿಯನ್ನು ತೆಗೆದುಕೊಳ್ಳೋಣ. ಅದರ ಮೇಲೆ 3 ಮೀಟರ್ ಎತ್ತರದ ಮೆಟ್ಟಿಲು ಕೋಣೆ. ಡಿಸೆಂಬರ್ 21ರ ಬೆಳಿಗ್ಗೆ ಸೌರ ಸಮಯ 9ಕ್ಕೆ, ಅಂದರೆ ಸೂರ್ಯ ಅತಿ ಎತ್ತರಕ್ಕೇರುವ ಮೂರು ಗಂಟೆ ಮೊದಲು, ಅದರ ನೆರಳು ವಾಯವ್ಯಕ್ಕೆ 4.9 ಮೀಟರ್, ಮಧ್ಯಾಹ್ನ ಉತ್ತರಕ್ಕೆ 2.4 ಮೀಟರ್. ಜೂನ್ 21ರ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ ನೆರಳು ದಕ್ಷಿಣಕ್ಕೆ, ಅರ್ಧ ಮೀಟರ್‌ಗೂ ಕಡಿಮೆ. ಒಂದು ದಿನ ತಾರಸಿ ಹತ್ತಿ ನೋಡಿ ಬಂದರೆ ಸಾಲದು ಎನ್ನುವುದು ಇದಕ್ಕೇ.

ಈಗ ಲೆಕ್ಕ. ಗ್ರಾಸ್‌ನಲ್ಲಿ ಬಿಸಿಲಿನ ಲೆಕ್ಕ ಹಾಕುವ `r.sun` ಆದೇಶವನ್ನು, ಆರಿಸಿಕೊಂಡ ಪ್ರತಿ ದಿನಕ್ಕೂ ಎರಡು ಸಲ ಓಡಿಸಿ: ಒಮ್ಮೆ ನೆರಳಿನೊಂದಿಗೆ, ಒಮ್ಮೆ `-p` ಹಾಕಿ ನೆರಳಿಲ್ಲದೆ.

```
g.region raster=dsm
r.sun elevation=dsm slope_value=15 aspect_value=270 day=344 step=0.25 glob_rad=neralu_344
r.sun -p elevation=dsm slope_value=15 aspect_value=270 day=344 step=0.25 glob_rad=bayalu_344
```

`step=0.25` ಎಂದರೆ ಕಾಲು ಗಂಟೆಗೊಮ್ಮೆ ಸೂರ್ಯನನ್ನು ಸರಿಸುವುದು. ಗ್ರಾಸ್‌ನಲ್ಲಿ ದಿಕ್ಕನ್ನು ಪೂರ್ವದಿಂದ ಅಪ್ರದಕ್ಷಿಣವಾಗಿ ಎಣಿಸುತ್ತಾರೆ, ಹಾಗಾಗಿ 270 ಎಂದರೆ ದಕ್ಷಿಣ. ಬೇರೆ ತಂತ್ರಾಂಶದ ಉತ್ತರದಿಂದ ಎಣಿಸಿದ ನಕ್ಷೆಯನ್ನು ಹಾಗೇ ಕೊಟ್ಟರೆ ಫಲಕ ಪಶ್ಚಿಮಕ್ಕೆ ತಿರುಗಿದಂತೆ ಲೆಕ್ಕವಾಗುತ್ತದೆ, ತಂತ್ರಾಂಶ ಮಾತ್ರ ಯಾವ ದೋಷವನ್ನೂ ತೋರಿಸುವುದಿಲ್ಲ. ಸಮತಟ್ಟು ತಾರಸಿಗೆ ಇಳಿಜಾರನ್ನು ಡಿಎಸ್‌ಎಂನಿಂದ ತೆಗೆಯದೆ ಫಲಕದ ಓರೆಯನ್ನೇ, ಇಲ್ಲಿ 15 ಡಿಗ್ರಿ, ಕೊಡುವುದು ಲೇಸು. ಡಿಎಸ್‌ಎಂನಿಂದ ತೆಗೆದರೆ ಪ್ಯಾರಾಪೆಟ್ ಬಳಿಯ ಚೌಕಗಳು 60-70 ಡಿಗ್ರಿ ಇಳಿಜಾರಿನ ಗೋಡೆಗಳಂತೆ ಕಂಡು ಫಲಿತಾಂಶ ಕೆಡುತ್ತದೆ.

ತಿಂಗಳಿಗೊಂದು ಪ್ರಾತಿನಿಧಿಕ ದಿನ ಸಾಕು: ವರ್ಷದ 17, 47, 75, 105, 135, 162, 198, 228, 258, 288, 318, 344ನೇ ದಿನಗಳು. ಪ್ರತಿಯೊಂದನ್ನೂ ಆಯಾ ತಿಂಗಳ ದಿನಗಳಿಂದ ಗುಣಿಸಿ ಕೂಡಿಸಿ, ನೆರಳಿನ ಮೊತ್ತವನ್ನು ಬಯಲಿನ ಮೊತ್ತದಿಂದ ಭಾಗಿಸಿ. ಸಿಗುವ ಅನುಪಾತವೇ ನಮಗೆ ಬೇಕಾದ್ದು. `r.sun` ಮೋಡವಿಲ್ಲದ ಆಕಾಶದ ಬಿಸಿಲನ್ನಷ್ಟೇ ಕೊಡುವುದರಿಂದ ಅದರ ಮೂಲ ಸಂಖ್ಯೆಯನ್ನೇ ನಂಬಿದರೆ ಅಂದಾಜು ಉಬ್ಬುತ್ತದೆ. ಅನುಪಾತವನ್ನು ಫಲಕದ ಓರೆಗೆ ಸಿಗುವ ನಿಜವಾದ ಸರಾಸರಿ ಬಿಸಿಲಿನಿಂದ ಗುಣಿಸಿ. ಮೋಡದ ತಿಂಗಳುಗಳಲ್ಲಿ ಬೆಳಕು ಎಲ್ಲ ಕಡೆಯಿಂದ ಚದುರಿ ಬರುವುದರಿಂದ, ಅಲ್ಲಿ ಈ ಅನುಪಾತ ನಷ್ಟವನ್ನು ತುಸು ಹೆಚ್ಚಾಗಿಯೇ ತೋರಿಸುತ್ತದೆ.

ತಾರಸಿ 10×12 ಮೀಟರ್ ಎಂದುಕೊಳ್ಳಿ. ಅಂಚಿನ ಚೌಕಗಳ ಎತ್ತರ ಕಲಸಿಹೋಗಿರುವುದರಿಂದ ಸುತ್ತ 1 ಮೀಟರ್ ಬಿಟ್ಟರೆ 80 ಚದರ ಮೀಟರ್. ಮೆಟ್ಟಿಲು ಕೋಣೆ ಕಳೆದರೆ 71. ಅನುಪಾತ 0.85ಕ್ಕಿಂತ ಕಡಿಮೆಯಿರುವ 21 ಚದರ ಮೀಟರ್ ಕೈಬಿಡಿ. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಬೈಪಾಸ್ ಡಯೋಡ್ ಆ ಭಾಗದ ಕೋಶಗಳ ಸಾಲನ್ನೇ ಹೊರಗಿಡುತ್ತದೆ, ನಷ್ಟ ನೆರಳಿನ ವಿಸ್ತೀರ್ಣವನ್ನು ಮೀರುತ್ತದೆ. ಆ ಜಾಗಕ್ಕೆ ಆಸೆಪಡಬಾರದು. ಉಳಿದ 50ರಲ್ಲಿ ಓಡಾಟಕ್ಕೆ ಜಾಗ ಬಿಟ್ಟು 40 ಚದರ ಮೀಟರ್ ಫಲಕ. ದಕ್ಷತೆ ಶೇ 20 ಇದ್ದರೆ 8 ಕಿಲೋವಾಟ್. ಬಿಸಿಲು ದಿನಕ್ಕೆ ಪ್ರತಿ ಚದರ ಮೀಟರ್‌ಗೆ 5 ಯೂನಿಟ್, ಉಳಿದ ಜಾಗದ ಸರಾಸರಿ ಅನುಪಾತ 0.94, ಬಿಸಿ, ಧೂಳು, ತಂತಿ, ಇನ್ವರ್ಟರ್ ನಷ್ಟಗಳಿಗೆ 0.78 ಹಿಡಿದರೆ 8×5×0.94×0.78, ಅಂದರೆ ದಿನಕ್ಕೆ ಸುಮಾರು 29 ಯೂನಿಟ್.

ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಯಾವುದಾದರೂ ದಿನ ತಾರಸಿಯ ನೆರಳಿನ ಫೋಟೊ ತೆಗೆದು, ಅದೇ `day` ಜೊತೆಗೆ `time` ಕೊಟ್ಟು ನೇರ ಬಿಸಿಲಿನ `beam_rad` ನಕ್ಷೆ ತೆಗೆಯಿರಿ. ನೆರಳಿನ ಚೌಕಗಳಲ್ಲಿ ಸೊನ್ನೆ ಬರುತ್ತದೆ. ಇಲ್ಲಿನ ಸಮಯ ಸೌರ ಸಮಯ, ಗಡಿಯಾರದ್ದಲ್ಲ. ಆ ವ್ಯತ್ಯಾಸ ಸರಿಪಡಿಸದಿದ್ದರೆ ನೆರಳು ಹೊರಳಿದಂತೆ ಕಾಣುತ್ತದೆ. ಮರದ ನೆರಳು ಮಾತ್ರ ಹೊಂದದಿದ್ದರೆ ತಪ್ಪು ಡಿಎಸ್‌ಎಂನದು: ಅದಕ್ಕೆ ಮರವೆಂದರೆ ನೆಲದವರೆಗೆ ಗಟ್ಟಿಯಾದ ಕಂಬ, ರೆಂಬೆಗಳ ಕೆಳಗೆ ತೂರಿ ಬರುವ ಬಿಸಿಲು ಅದಕ್ಕೆ ಗೊತ್ತಿಲ್ಲ. ತೆಳ್ಳನೆಯ ಕೊಳವೆ, ಆಂಟೆನಾಗಳು ಮಾದರಿಯಲ್ಲಿ ಇರುವುದೇ ಇಲ್ಲ. ಅವನ್ನು ಕಣ್ಣಾರೆ ನೋಡಿ ಫಲಕದ ಜಾಗ ಗುರುತಿಸಬೇಕು.