ಯಜಮಾನ್ರು ಎಲ್ಲರೆದುರು ಬೈದರೆ ಎಂತ ಮಾಡೋದು?

ಇದು ನಾನು ಶಿರಸಿಯ ಒಂದು ಅಡಿಕೆ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗಿನ ಕತೆ. ಆಗಿನ್ನೂ ಚೀಟಿ ಟೆಂಡರ್. ವ್ಯಾಪಾರಿಗಳು ಬರೆದುಕೊಟ್ಟ ದರವನ್ನು ಲಾಟ್ ನಂಬರಿನ ಎದುರು ಹತ್ತಿಸಿ, ಅದರ ಮೇಲೆ ರೈತರಿಗೆ ಪಟ್ಟಿ ಮಾಡಿಕೊಡೋದು ನನ್ನ ಕೆಲಸ. ಒಂದು ದಿನ 47ರ ದರ 74ಕ್ಕೆ, 74ರದ್ದು 47ಕ್ಕೆ ಹೋಯ್ತು. ಎರಡೂ 'ರಾಶಿ' ಅನ್ನುವ ಒಂದೇ ಬಗೆಯ ಅಡಿಕೆ, ಹಾಗಾಗಿ ನೋಡಿದ ಕೂಡಲೇ ಗೊತ್ತಾಗಲಿಲ್ಲ. ಕ್ವಿಂಟಲಿಗೆ 900 ರೂಪಾಯಿ ವ್ಯತ್ಯಾಸ. ಬನವಾಸಿ ಕಡೆಯ ರೈತರೊಬ್ಬರ ಮೂರು ಕ್ವಿಂಟಲಿನ ಪಟ್ಟಿಯಲ್ಲಿ 2,700 ರೂಪಾಯಿ ಕಡಿಮೆ ಬಂತು.

ಅವರು ಪಟ್ಟಿ ಹಿಡಿದು ವಾಪಸ್ ಬಂದರು. ಯಜಮಾನ್ರು ವಖಾರಿ ಬಾಗಿಲಲ್ಲೇ ನಿಂತು, ಹತ್ತು ಜನರ ಎದುರಿಗೆ, "ಎರಡು ಅಂಕಿ ನೋಡಿ ಬರೆಯೋಕೆ ಬರೂದಿಲ್ವನೋ ನಿಂಗೆ? ಯಾವಾಗ್ಲೂ ಹಿಂಗೇ. ಜವಾಬ್ದಾರಿ ಅನ್ನೋದೇ ಇಲ್ಲ" ಅಂದರು.

ನಾನು ಮಾಡಬಾರದ ಎರಡನ್ನೂ ಮಾಡಿದೆ. ಮೊದಲು, "ಒಂದೇ ಸಲ ಇಪ್ಪತ್ತು ಜನ ಕೌಂಟರಿಗೆ ಬಂದರೆ ಮತ್ತೆಂತ ಆಗ್ತದೆ?" ಅಂತ ವಾದಕ್ಕೆ ನಿಂತೆ. ಆಮೇಲೆ ಮನೆಗೆ ಹೋಗುವ ಬಸ್ಸಿನಲ್ಲಿ, ಈ ಕೆಲಸಕ್ಕೇ ನಾನು ಲಾಯಕ್ಕಿಲ್ಲ ಅಂತ ಒಳಗೊಳಗೇ ಕೊರಗಿದೆ.

ಇವೆರಡೂ ಬೇರೆ ಬೇರೆ ಅನ್ನಿಸ್ತದೆ, ಆದರೆ ಬೇರು ಒಂದೇ. 1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಅನ್ನುವ ಇಬ್ಬರು ಸಂಶೋಧಕರು ಇಂಥ 'ನಿನ್ನ ಕೆಲಸ ಹೀಗಿದೆ' ಅನ್ನುವ ಮಾತಿನ ಪರಿಣಾಮದ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ, ಮಾತು ಕೇಳಿದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು! ಅವರು ಕೊಟ್ಟ ಕಾರಣ ಸರಳ. ಗಮನ ಕೆಲಸದ ಮೇಲಿಂದ ಜಾರಿ 'ನಾನು' ಅನ್ನುವುದರ ಮೇಲೆ ಬಿದ್ದರೆ ಕೆಲಸ ಹಾಳಾಗ್ತದೆ. ವಾದ ಮಾಡುವಾಗ ನಾನು ನನ್ನನ್ನು ಕಾಯ್ತಾ ಇದ್ದೆ, ಕೊರಗುವಾಗ ನನ್ನನ್ನೇ ಹೊಡೀತಾ ಇದ್ದೆ. 47, 74 ಎರಡು ಹೊತ್ತಿನಲ್ಲೂ ತಲೆಯಲ್ಲಿರಲಿಲ್ಲ. ಹಾಗಾಗಿ ಕೆಳಗೆ ಹೇಳೋದೆಲ್ಲ ಗಮನವನ್ನು ಆ ಅಂಕಿಗಳ ಹತ್ತಿರ ಎಳೆದು ತರುವ ಬಗೆ ಅಷ್ಟೇ.

ಬೈಯುತ್ತಿರುವಾಗ

ಎದೆ ಹೊಡ್ಕೊಳ್ತದೆ, ಕಿವಿ ಬಿಸಿಯಾಗ್ತದೆ. ಆ ಹೊತ್ತಿನಲ್ಲಿ ಒಳ್ಳೆ ಉತ್ತರ ಹೊಳೆಯೋದಿಲ್ಲ, ಹುಡುಕಬೇಡಿ. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನ ಹೊರಗೆ ಬಿಡಿ, ಎರಡು ಮೂರು ಸಲ. ಅವರ ಮಾತು ಮುಗಿಯಲಿ. ಆಮೇಲೆ ಮೂರೇ ವಿಷಯ ಹೇಳಿ: ಏನಾಗಿದೆ, ಈಗ ಏನು ಮಾಡ್ತೀರಿ, ಯಾವಾಗ ತಿಳಿಸ್ತೀರಿ. ನಾನು ಹೇಳಬೇಕಿದ್ದದ್ದು ಇಷ್ಟು: "ಹೌದು, 47ರ ದರ 74ಕ್ಕೆ ಹೋಗಿದೆ. ಈಗಲೇ ಪಟ್ಟಿ ಸರಿ ಮಾಡಿ ಕೊಡ್ತೇನೆ. ಇವತ್ತಿನ ಉಳಿದ ಪಟ್ಟಿಗಳನ್ನೂ ನೋಡಿ ಸಂಜೆ ಹೇಳ್ತೇನೆ."

ಇದರಲ್ಲಿ 'ನಾನು ಬೇಜವಾಬ್ದಾರಿ' ಅಂತ ಒಪ್ಪಿದ್ದೂ ಇಲ್ಲ, 'ಅಲ್ಲ' ಅಂದದ್ದೂ ಇಲ್ಲ. ಆ ಮಾತಿಗೆ ಅಲ್ಲಿ ಉತ್ತರವೇ ಬೇಡ. ಕೌಂಟರಿನಲ್ಲಿ ಗದ್ದಲ ಇತ್ತು ಅನ್ನುವುದು ನಿಜವಾದ ಕಾರಣವೇ. ಆದರೆ ರೈತರು ಪಟ್ಟಿ ಹಿಡಿದು ನಿಂತಿರುವಾಗ ಕಾರಣ ಹೇಳಿದರೆ ಅದು ನೆಪದ ಹಾಗೆಯೇ ಕೇಳಿಸ್ತದೆ. ತಪ್ಪು ಆಗಿದೆಯೋ ಇಲ್ಲವೋ ಗೊತ್ತೇ ಇಲ್ಲದಿದ್ದರೆ ಸುಮ್ನೆ ತಲೆಯಾಡಿಸಬೇಡಿ, "ಪುಸ್ತಕ ನೋಡಿ ಅರ್ಧ ಗಂಟೆಯಲ್ಲಿ ಹೇಳ್ತೇನೆ" ಅನ್ನಿ.

ಅದೇ ದಿನ, ಬರೆದಿಡಿ

ಅವರು ಅಂದ ಮಾತನ್ನು ಅಂದ ಹಾಗೇ ಕಾಗದದ ಮೇಲೆ ಬರೆಯಿರಿ. ತಡ ಮಾಡಿದರೆ ಮಾತು ಬೆಳೀತದೆ. ನನ್ನ ತಲೆಯಲ್ಲಿ ಎರಡು ದಿನಕ್ಕೆ "ನೀನು ದಂಡ" ಅಂತಲೂ ಸೇರಿಕೊಂಡಿತ್ತು, ಯಜಮಾನ್ರು ಅದನ್ನು ಅಂದೇ ಇರಲಿಲ್ಲ.

ಈಗ ಆ ಮಾತನ್ನು ಬಿಡಿಸಿ, ಅಡಿಕೆ ಆರಿಸಿದ ಹಾಗೆ. ಚಾಲಿ ಬೇರೆ, ಕೋಕಾ ಬೇರೆ ಮಾಡ್ತೇವಲ್ಲ. "ಎರಡು ಅಂಕಿ ನೋಡಿ ಬರೆಯಲಿಲ್ಲ" ಅನ್ನೋದು ಪುಸ್ತಕದಲ್ಲಿ ಕಾಣುವ ಸಂಗತಿ. "ಯಾವಾಗ್ಲೂ ಹಿಂಗೇ" ಅನ್ನೋದು ಎಣಿಸಿ ನೋಡಬಹುದಾದ ಮಾತು. "ಜವಾಬ್ದಾರಿ ಇಲ್ಲ" ಅನ್ನೋದು ಸಿಟ್ಟು. ಅದನ್ನು ಎಣಿಸೋಕೂ ಬರೋದಿಲ್ಲ, ತಿದ್ದೋಕೂ ಬರೋದಿಲ್ಲ, ಒಂದು ಕಡೆ ಇಡಿ.

ಎಣಿಸಬಹುದಾದದ್ದನ್ನು ನಿಜವಾಗಿ ಎಣಿಸಿ. ಇದೇ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು. ಆ ತಿಂಗಳ 212 ಲಾಟ್ ತಿರುವಿ ಹಾಕಿದೆ. ನಾಲ್ಕು ತಪ್ಪು. 'ಯಾವಾಗಲೂ' ಅಲ್ಲ ಅಂತ ಸಮಾಧಾನ ಆಯ್ತು, ಆದರೆ ನಾನು ಅಂದುಕೊಂಡ ಹಾಗೆ 'ಇದೊಂದೇ ಸಲ' ಕೂಡ ಅಲ್ಲ ಅಂತ ಮುಖ ಸಣ್ಣದಾಯ್ತು. ನಾಲ್ಕರಲ್ಲಿ ಮೂರು, ದರ ಹತ್ತಿಸುವಾಗಲೇ ಎದ್ದು ಕೌಂಟರಿನಲ್ಲಿ ನಿಂತವರಿಗೆ ಮಾತಾಡಿಸಿ ಬಂದ ಹೊತ್ತಿನವು. ಅಂದರೆ ರೋಗ ಅಂಕಿ ಓದುವುದರಲ್ಲಿ ಇರಲಿಲ್ಲ, ಅರ್ಧಕ್ಕೆ ಎದ್ದು ಹೋಗುವುದರಲ್ಲಿತ್ತು.

ರಾತ್ರಿ ಅದೇ ಸುತ್ತಿ ಬಂದರೆ

ಯೋಚನೆ ಯಾವುದು, ಕೊರಗು ಯಾವುದು ಅಂತ ತಿಳಿಯೋಕೆ ನನ್ನದೊಂದು ಲೆಕ್ಕ ಇದೆ. ಕಾಲು ಗಂಟೆ ಆದರೂ ಹೊಸ ಸಂಗತಿಯೊಂದೂ ಸಿಗದೆ, ನಾಳೆ ಮಾಡೋ ಕೆಲಸವೊಂದೂ ಹೊಳೆಯದೆ, ಅದೇ ದೃಶ್ಯ ಮತ್ತೆ ಬರ್ತಾ ಇದ್ದರೆ ಅದು ಕೊರಗು. ಆಗ ನಿಮ್ಮನ್ನೇ ಹೆಸರು ಹಿಡಿದು ಮಾತಾಡಿಸಿ. 'ನಾನ್ಯಾಕೆ ಹೀಗೆ' ಅನ್ನುವ ಬದಲು, ಅಕ್ಕನೋ ಚಿಕ್ಕಪ್ಪನೋ ಕೇಳುವ ಹಾಗೆ, 'ಗಣಪತಿ, ಎಂತ ಆಯ್ತು ಮಾರಾಯ? ನಾಳೆ ಎಂತ ಮಾಡ್ತೆ?' ಅಂತ. ಹುಚ್ಚು ಅನ್ನಿಸ್ತದೆ ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಹೆಸರು ಹಿಡಿದು ತಮಗೆ ತಾವೇ ಹೇಳಿಕೊಂಡವರಿಗೆ 'ನಾನು ನಾನು' ಅಂದುಕೊಂಡವರಿಗಿಂತ ಸಂಕಟ ಕಡಿಮೆ ಇತ್ತು.

ಮರುದಿನ ಹೋಗಿ ಮಾತಾಡಿ

ಟೆಂಡರ್ ಹೊತ್ತಿನಲ್ಲಿ ಬೇಡ. ಯಜಮಾನ್ರು ಬೆಳಿಗ್ಗೆ ಚಾ ಕುಡಿದು ಪೇಪರ್ ಮಡಚಿಡುವ ಹೊತ್ತು ಒಳ್ಳೇದು. ನಾನು ಪುಸ್ತಕ ತೆಗೆದುಕೊಂಡು ಹೋಗಿ, "ತಿಂಗಳಲ್ಲಿ ನಾಲ್ಕು ಕಡೆ ತಪ್ಪು ಸಿಕ್ತು. ಇನ್ನು ದರ ಹತ್ತಿಸಿ ಮುಗಿಯುವ ತನಕ ಏಳೋದಿಲ್ಲ. ಆಮೇಲೆ ಒಬ್ಬರು ಚೀಟಿ ಓದಲಿ, ನಾನು ಪುಸ್ತಕ ನೋಡ್ತೇನೆ. ಹತ್ತು ನಿಮಿಷ ಸಾಕು. ಆ ಹೊತ್ತಿಗೆ ಕೌಂಟರಿಗೆ ಯಾರಾದ್ರೂ ಬೇಕು" ಅಂದೆ. ಮೊದಲ ದಿನ ನೆಪವಾಗಿ ಕೇಳಿಸಿದ್ದ ಕೌಂಟರಿನ ಗದ್ದಲವೇ ಈಗ ಕೆಲಸದ ಮಾತಾಯ್ತು. ಅವರು ಹೂಂ ಅಂದರು.

ಎಲ್ಲರೆದುರು ಬೈದದ್ದು ನೋವಾಯ್ತು ಅನ್ನುವುದನ್ನು ಇದರ ಜೊತೆಗೇ ಹೇಳಬೇಡಿ. ಒಂದೇ ಉಸಿರಿಗೆ ಹೇಳಿದರೆ, ತಪ್ಪು ಒಪ್ಪಿದ ಹಾಗೆ ಮಾಡಿ ತಿರುಗಿಸಿ ಹೊಡೆದ ಹಾಗಾಗ್ತದೆ. ನಾನು ಒಂದು ವಾರ ಬಿಟ್ಟು ಕೇಳಿದೆ: "ತಪ್ಪಾದ್ರೆ ಒಳಗೆ ಕರೆದು ಹೇಳಿ. ರೈತರ ಎದುರು ಬೈದರೆ ಅವರು ನಮ್ಮ ಅಂಗಡಿಯ ಪಟ್ಟಿಯನ್ನೇ ನಂಬೋದಿಲ್ಲ."

ಇದೆಲ್ಲ ಕೆಲಸದ ಬಗ್ಗೆ ಬೈದಾಗ ಮಾತ್ರ. ಜಾತಿ, ಮನೆತನ ಎತ್ತಿ ಆಡಿದರೆ, ಹೊಡೆಯೋಕೆ ಬಂದರೆ ಅದು ತಿದ್ದುವ ಮಾತೇ ಅಲ್ಲ. ತಾರೀಖು, ಹೊತ್ತು, ಅಲ್ಲಿದ್ದವರ ಹೆಸರು ಬರೆದಿಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆದರೆ 2013ರ ಕಾಯ್ದೆ ಇದೆ. ಹತ್ತಕ್ಕಿಂತ ಕಡಿಮೆ ಜನ ಇರುವ ಅಂಗಡಿಯವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ವಾರಗಟ್ಟಲೆ ನಿದ್ದೆಯೇ ಬಾರದಿದ್ದರೆ ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ.

ನಮ್ಮ ಯಜಮಾನ್ರು ಆಮೇಲೂ ಬೈದರು, ಆದರೆ ಒಳಗೆ ಕರೆದು. ಮುಂದಿನ ತಿಂಗಳು ನನ್ನ ಪುಸ್ತಕದಲ್ಲಿ ಒಂದೇ ತಪ್ಪು, ಅದೂ ಚೀಟಿ ಓದುವಾಗಲೇ ಸಿಕ್ತು. ಅದರ ಮರುವಾರ ಪುಸ್ತಕ ಎಲ್ಲಿಟ್ಟೆ ಅಂತ ಜೋರು ಕೂಗಿದರು. ಅದು ಅವರದೇ ಮೇಜಿನ ಮೇಲೆ, ಪೇಪರಿನ ಅಡಿಯಲ್ಲಿತ್ತು.