ಕೊಟ್ಟ, ಇಟ್ಟ, ಗೆಟ್ರುಂಕೆನ್

ಏಳೆಂಟ್ಲೆ ಎಷ್ಟು ಅಂತ ಕೇಳಿದರೆ ಕೆಲವರು ಏಳೊಂದ್ಲೆ ಏಳರಿಂದ ಶುರುಮಾಡಿ ಬೆರಳು ಮಡಿಸುತ್ತಾ ಬರ್ತಾರೆ, ನೋಡಿದ್ದೀರಾ? ಜರ್ಮನ್ ಕಲಿಯುವಾಗ ನನ್ನ ಸ್ಥಿತಿ ಹಾಗೇ ಇತ್ತು. ಕೆಲಸಕ್ಕಾಗಿ ಶಿವಮೊಗ್ಗದಿಂದ ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ವರ್ಷ. 'ನಿನ್ನೆ ಕಾಫಿ ಕುಡಿದೆ' ಅನ್ನಬೇಕಾದರೆ ಮನಸ್ಸಿನಲ್ಲೇ 'ಟ್ರಿಂಕೆನ್, ಟ್ರಂಕ್, ಗೆಟ್ರುಂಕೆನ್' ಅಂತ ಪೂರ್ತಿ ಸಾಲು ಹೇಳಿಕೊಂಡು ಕೊನೆಯದನ್ನು ಕಿತ್ತುಕೊಳ್ಳಬೇಕಿತ್ತು. ಅಷ್ಟರಲ್ಲಿ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು.

ತಪ್ಪು ನನ್ನದೇ. ಪಠ್ಯಪುಸ್ತಕದ ಹಿಂದೆ ಒಂದು ಪಟ್ಟಿ ಇತ್ತು. ನಿಯಮ ತಪ್ಪುವ 150ಕ್ಕೂ ಜಾಸ್ತಿ ಕ್ರಿಯಾಪದಗಳು, ಅಕ್ಷರಕ್ರಮದಲ್ಲಿ, ಒಂದೊಂದಕ್ಕೆ ಮೂರು ರೂಪ. ಶಾಲೆಯಲ್ಲಿ 'ಗೋ, ವೆಂಟ್, ಗಾನ್' ಕಲಿತ ಹಾಗೆಯೇ ಇದನ್ನೂ ಕಲಿಯೋಣ ಅಂತ ಲಾಂಗ್ ನೋಟ್‌ಬುಕ್ ತಗೊಂಡು ಪ್ರತಿ ಸಾಲನ್ನೂ ಹತ್ತು ಹತ್ತು ಸಲ ಬರೆದೆ. ಮೂರನೇ ಸಲಕ್ಕೆ ಕೈ ತಾನೇ ಓಡುತ್ತದೆ, ತಲೆ ಸಂಜೆ ಅಡುಗೆಗೆ ಏನು ಅಂತ ಯೋಚಿಸುತ್ತಿರುತ್ತದೆ. ನೋಟ್‌ಬುಕ್ ಒಂದೂವರೆ ತುಂಬಿತು. ಬಾಯಿಗೆ ಏನೂ ಬರಲಿಲ್ಲ.

ಅಕ್ಷರಕ್ರಮ ಇನ್ನೂ ಒಂದು ಉಪದ್ರವ ಮಾಡಿತು. ಬೀಟೆನ್ ಅಂದರೆ ನೀಡುವುದು, ಬಿಟೆನ್ ಅಂದರೆ ವಿನಂತಿಸುವುದು. ಒಂದು ಬೀಟೆನ್, ಬೋಟ್, ಗೆಬೋಟೆನ್. ಇನ್ನೊಂದು ಬಿಟೆನ್, ಬಾಟ್, ಗೆಬೇಟೆನ್. ಪಟ್ಟಿಯಲ್ಲಿ ಇವೆರಡೂ ಹತ್ತಿರ ಹತ್ತಿರ. ಹತ್ತು ಸಲ ಇದು, ಹತ್ತು ಸಲ ಅದು ಬರೆದರೆ ತಲೆಯಲ್ಲಿ ಎರಡೂ ಕಲಸಿ ಒಂದೇ ಮುದ್ದೆ.

ದಾರಿ ಸಿಕ್ಕಿದ್ದು ಜರ್ಮನ್‌ನಿಂದ ಅಲ್ಲ, ಒಂದು ವಿಡಿಯೋ ಕಾಲ್‌ನಿಂದ. ಅಕ್ಕನ ಮಗಳಿಗೆ ಆಗ ಮೂರು ವರ್ಷ. "ಚಿಕ್ಕಿ, ಅಜ್ಜಿ ಚಾಕ್ಲೇಟ್ ಕೊಡಿದ್ರು" ಅಂದಳು. ಎಲ್ಲರೂ ನಕ್ಕೆವು. ಫೋನ್ ಇಟ್ಟ ಮೇಲೆ ನನಗೆ ಅದೇ ಗುಂಗು. ಅವಳು ಹೇಳಿದ್ದರಲ್ಲಿ ಲೆಕ್ಕ ಸರಿಯಾಗಿಯೇ ಇದೆ. ಮಾಡು, ಮಾಡಿದ. ನೋಡು, ನೋಡಿದ. ಹಾಗಾದರೆ ಕೊಡು, ಕೊಡಿದ! ಆದರೆ ನಾವು 'ಕೊಟ್ಟ' ಅಂತೀವಿ. ಇಡು, ಇಟ್ಟ. ಬಿಡು, ಬಿಟ್ಟ. ಸುಡು, ಸುಟ್ಟ. ನೆಡು, ನೆಟ್ಟ. ತೊಡು, ತೊಟ್ಟ. ಬರೆಯುತ್ತಾ ಹೋದಾಗ ಕಂಡಿತು: ಮೊದಲ ಅಕ್ಷರ ಗಿಡ್ಡವಾಗಿದ್ದರೆ 'ಟ್ಟ', ಮಾಡು, ನೋಡು, ಓಡು, ಬೇಡು ಥರ ಉದ್ದವಾಗಿದ್ದರೆ 'ಡಿದ'. ಇಷ್ಟು ವರ್ಷ ಕನ್ನಡ ಆಡಿದರೂ ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಯಾರೂ ಹತ್ತು ಸಲ ಬರೆಸಿಯೂ ಇರಲಿಲ್ಲ. ಒಂದೇ ರಾಗದ ಮಾತುಗಳು ಕಿವಿಯಲ್ಲಿ ತಾವೇ ಗುಂಪುಗೂಡಿದ್ದವು.

(ಕಿಟೆಲ್ ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ನಿಘಂಟು ಕೊಟ್ಟವರು. ಅವರಿಗೂ ಒಂದು ಕಾಲದಲ್ಲಿ ಈ 'ಕೊಟ್ಟ' ಕೈಕೊಟ್ಟಿರಬೇಕು ಅಂತ ಅಂದುಕೊಂಡು ಸ್ವಲ್ಪ ಸಮಾಧಾನಪಟ್ಟೆ.)

ಮರುದಿನ ಹಿಂದಿನ ಪಟ್ಟಿಯನ್ನು ಒಡೆದು ಹಾಕಿದೆ. ಅಕ್ಷರಕ್ರಮ ಬಿಟ್ಟು ಸ್ವರದ ಪ್ರಕಾರ ಜೋಡಿಸಿದೆ, ಅದೂ ಕನ್ನಡ ಲಿಪಿಯಲ್ಲಿ. ಜರ್ಮನ್‌ನ ಈ ಕ್ರಿಯಾಪದಗಳಲ್ಲಿ ಬದಲಾಗುವುದು ಮುಖ್ಯವಾಗಿ ನಡುವಿನ ಸ್ವರ. ರೋಮನ್ ಅಕ್ಷರದಲ್ಲಿ ಅದು ಹ್ರಸ್ವವೋ ದೀರ್ಘವೋ ಅಂತ ನನ್ನ ಕಣ್ಣಿಗೆ ಬೇಗ ಗೊತ್ತಾಗುತ್ತಿರಲಿಲ್ಲ. ಬೀಟೆನ್, ಬಿಟೆನ್ ಅಂತ ಬರೆದರೆ ಕನ್ನಡದವರಿಗೆ ತಕ್ಷಣ ಬೇರೆ ಬೇರೆ ಕಾಣುತ್ತದೆ, ಅಲ್ವಾ? ಖಂಡಿತ ಉಚ್ಚಾರಣೆ ಪೂರ್ತಿ ಹಿಡಿಯಲು ಆಗುವುದಿಲ್ಲ. ಅದಕ್ಕೆ ಕಿವಿಯೇ ಬೇಕು. ಇದು ಜೋಡಿಸಿಕೊಳ್ಳಲು ಮಾತ್ರ.

ಒಂದು ಮನೆತನಕ್ಕೆ ಒಂದು ಪುಟ. ಪುಟದ ತಲೆಯ ಮೇಲೆ ಹೆಸರು ಅಂತ ಸ್ವರಗಳು. ಮೊದಲ ಪುಟ 'ಇ-ಅ-ಉ'. ಟ್ರಿಂಕೆನ್, ಟ್ರಂಕ್, ಗೆಟ್ರುಂಕೆನ್. ಸಿಂಗೆನ್, ಸಂಗ್, ಗೆಸುಂಗೆನ್. ಫಿಂಡೆನ್, ಫಂಡ್, ಗೆಫುಂಡೆನ್. ಇಂಗ್ಲಿಷ್‌ನ ಡ್ರಿಂಕ್, ಡ್ರ್ಯಾಂಕ್, ಡ್ರಂಕ್ ಇದರ ದಾಯಾದಿಗಳೇ, ಹಾಗಾಗಿ ಇಲ್ಲಿ ಅರ್ಧ ಕೆಲಸ ಶಾಲೆಯಲ್ಲೇ ಆಗಿತ್ತು. ಎರಡನೇ ಪುಟ 'ಐ-ಈ-ಈ': ಬ್ಲೈಬೆನ್, ಬ್ಲೀಬ್, ಗೆಬ್ಲೀಬೆನ್ ಅಂದರೆ ಉಳಿಯುವುದು. ಶ್ರೈಬೆನ್, ಶ್ರೀಬ್, ಗೆಶ್ರೀಬೆನ್ ಅಂದರೆ ಬರೆಯುವುದು. ಮೂರನೆಯದು 'ಎ-ಅ-ಒ': ಹೆಲ್ಫೆನ್, ಹಲ್ಫ್, ಗೆಹೊಲ್ಫೆನ್, ಸಹಾಯ ಮಾಡುವುದು. ಒಂದು ಪುಟಕ್ಕೆ ಆರೇಳು ಪದ ಸಾಕು. ದಿನ ಬಳಸುವ ಪದಗಳನ್ನೇ ಹಾಕಿದೆ. ಕೋಟೆ ಕೊತ್ತಲ, ಕುರಿ ಉಣ್ಣೆಗೆ ಸಂಬಂಧಪಟ್ಟವನ್ನು ಹಾಗೇ ಬಿಟ್ಟೆ.

ಆಮೇಲೆ ಇನ್ನೊಂದು ನಿರ್ಧಾರ. ಎರಡನೇ ರೂಪವನ್ನು ಬಾಯಿಗೆ ತರುವ ಗೋಜಿಗೆ ಹೋಗಲಿಲ್ಲ. ಮಾತಿನಲ್ಲಿ ಜರ್ಮನ್ನರು, ಅದರಲ್ಲೂ ಇಲ್ಲಿ ದಕ್ಷಿಣದವರು, ಆಗಿಹೋದದ್ದನ್ನು ಹೆಚ್ಚಾಗಿ ಮೂರನೇ ರೂಪದಲ್ಲೇ ಹೇಳುತ್ತಾರೆ. ಎರಡನೇ ರೂಪ ಕತೆ, ಪೇಪರ್ ಓದುವಾಗ ಕಂಡರೆ ಗುರುತು ಸಿಕ್ಕರೆ ಸಾಕು. 'ಇದ್ದೆ', 'ನನ್ನ ಹತ್ತಿರ ಇತ್ತು' ಅನ್ನಲು ಬೇಕಾದ ವಾರ್, ಹಟೆ ಥರದ ಕೆಲವನ್ನು ಮಾತ್ರ ಮಾತಿಗೂ ಕಲಿತೆ. ಹೊರೆ ಅರ್ಧ ಇಳಿಯಿತು.

ಮೂರನೇ ರೂಪವನ್ನು ಒಂಟಿಯಾಗಿ ಕಲಿಯಲಿಲ್ಲ. ಅದರ ಜೊತೆ ಸಹಾಯಕ ಕ್ರಿಯಾಪದವಾಗಿ 'ಹಾಬೆ' ಬರುತ್ತದೋ 'ಬಿನ್' ಬರುತ್ತದೋ ಅನ್ನುವುದೂ ಸೇರಿಯೇ ಇರಬೇಕು. 'ನಾನು ಕುಡಿದೆ'ಗೆ ಹಾಬೆ ಗೆಟ್ರುಂಕೆನ್. 'ನಾನು ಹೋದೆ'ಗೆ ಬಿನ್ ಗೆಗಂಗೆನ್. ಒಮ್ಮೆ 'ಹಾಬೆ ಗೆಗಂಗೆನ್' ಅಂತ ನಾಲಿಗೆಗೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ನನಗೆ ಎರಡು ತಿಂಗಳು ಹಿಡಿಯಿತು.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಆ ಮೂರನೇ ರೂಪ ವಾಕ್ಯದ ಕೊನೆಗೆ ಬಂದು ಕೂರುತ್ತದೆ. 'ಇಶ್ ಹಾಬೆ ಗೆಸ್ಟರ್ನ್ ತ್ಸ್ವೈ ಟಸೆನ್ ಕಫೆ ಗೆಟ್ರುಂಕೆನ್.' ಆ 'ಹಾಬೆ'ಯನ್ನು ತೆಗೆದರೆ ನಾನು, ನಿನ್ನೆ, ಎರಡು ಕಪ್, ಕಾಫಿ, ಕುಡಿದೆ. ನಮ್ಮದೇ ಸಾಲು! ನಮಗೆ ಕ್ರಿಯಾಪದ ಕೊನೆಗೆ ಬರುವುದು ಹುಟ್ಟಿನಿಂದ ಅಭ್ಯಾಸ. ವಾಕ್ಯ ಕೊನೆ ಮುಟ್ಟುವಷ್ಟರಲ್ಲಿ ಆ ರೂಪವನ್ನು ನೆನಪಿಸಿಕೊಳ್ಳಲು ಅರೆಗಳಿಗೆ ಸಮಯವೂ ಸಿಗುತ್ತದೆ.

ಅದಕ್ಕೇ ಬರೆಯುವುದನ್ನು ನಿಲ್ಲಿಸಿ ದಿನಾ ರಾತ್ರಿ ಫೋನ್‌ಗೆ ಐದು ವಾಕ್ಯ ಹೇಳಲು ಶುರುಮಾಡಿದೆ. ಆ ದಿನ ನಿಜವಾಗಿ ನಡೆದದ್ದು ಮಾತ್ರ. ಬಸ್ಸಿನಲ್ಲಿ ಛತ್ರಿ ಬಿಟ್ಟು ಬಂದದ್ದು, ಅಮ್ಮನಿಗೆ ಮೆಸೇಜ್ ಬರೆದದ್ದು, ಕೀಲಿ ಸಿಕ್ಕಿದ್ದು. ಪುಟ ನೋಡುವಂತಿಲ್ಲ, ತಡವರಿಸಿದರೂ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೇಳಿಸಿಕೊಂಡು, ಅನುಮಾನ ಬಂದದ್ದನ್ನು ಮಾತ್ರ ಪುಟದಲ್ಲಿ ತಿದ್ದಿಕೊಳ್ಳುವುದು. ತಪ್ಪಿದ ಪದ ಆ ರಾತ್ರಿಯ ವಾಕ್ಯದಲ್ಲಿ ಹೇಗಾದರೂ ಬರಬೇಕು. ಅದಕ್ಕಾಗಿ ಒಂದೆರಡು ಸಲ ಬೇಕಂತಲೇ ಹಾಡು ಹೇಳಿದ್ದೂ ಉಂಟು, 'ಗೆಸುಂಗೆನ್' ಅನ್ನಲು!

ಪದ ಬಾಯಿಗೆ ಕೂತದ್ದು ಹೇಗೆ ಗೊತ್ತಾಗುತ್ತದೆ? ಮೂಲರೂಪ ಕೊಟ್ಟು ಮೂರನೆಯದನ್ನು ಕೇಳಿದರೆ ಗೊತ್ತಾಗುವುದಿಲ್ಲ, ಅದು ಮಗ್ಗಿಯೇ. "ನಿನ್ನೆ ಏನು ಮಾಡಿದಿರಿ?" ಅಂತ ಕೇಳಿದಾಗ ಸಾಲು ಹೇಳಿಕೊಳ್ಳದೆ ಬಾಯಿಗೆ ಬಂದರೆ ಕೂತಿದೆ.

ಈ ಪದ್ಧತಿಯಲ್ಲೂ ಎಡವಿದೆ, ಅದನ್ನೂ ಹೇಳಬೇಕು. ಕೆಳಮನೆಯ ಅಜ್ಜಿಯೊಬ್ಬರು ಶನಿವಾರ ಮೆಟ್ಟಿಲ ಹತ್ತಿರ ಸಿಗುತ್ತಾರೆ. ಒಂದು ದಿನ ಈಜುಕೊಳಕ್ಕೆ ಹೋಗಿದ್ದೆ, ಈಜಿದೆ ಅಂತ ಹೆಮ್ಮೆಯಿಂದ ಹೇಳಿದೆ. ಷ್ವಿಮೆನ್, ಷ್ವಮ್, ಹಾಗಾಗಿ 'ಗೆಷ್ವುಮೆನ್' ಅಂದೆ. "ಗೆಷ್ವೊಮೆನ್" ಅಂತ ಮೆಲ್ಲಗೆ ತಿದ್ದಿದರು. ಮನೆಗೆ ಬಂದು ಪುಟ ನೋಡಿದರೆ 'ಇ-ಅ-ಉ' ಮನೆಯಲ್ಲಿ ಎರಡು ಕವಲು. 'ಇ' ಆದಮೇಲೆ ಟ್ರಿಂಕೆನ್, ಸಿಂಗೆನ್, ಫಿಂಡೆನ್ ಥರ ನಕಾರದ ನಂತರ ಬೇರೆ ವ್ಯಂಜನ ಇದ್ದರೆ ಉಕಾರ. ಅದೇ ನಕಾರವೋ ಮಕಾರವೋ ಎರಡಾಗಿ ಬಂದರೆ ಒಕಾರ: ಬೆಗಿನೆನ್, ಬೆಗೊನೆನ್ (ಶುರುವಾಗುವುದು). ಗೆವಿನೆನ್, ಗೆವೊನೆನ್ (ಗೆಲ್ಲುವುದು). ಜರ್ಮನ್ ಕಾಗುಣಿತದಲ್ಲಿ ಇವುಗಳಲ್ಲಿ ಎರಡು 'ಎನ್' ಇವೆ. ನಾನು ಕನ್ನಡದಲ್ಲಿ ಒಂದೇ ಬರೆದುಕೊಂಡಿದ್ದಕ್ಕೆ ಆ ಸುಳಿವು ಕಳೆದುಹೋಗಿತ್ತು. ಆಮೇಲೆ ಪಕ್ಕದಲ್ಲಿ ಜರ್ಮನ್ ಕಾಗುಣಿತವನ್ನೂ ಬರೆದುಕೊಂಡೆ.

ಇನ್ನೊಂದು: ಒಂದು ವಾರವಿಡೀ ಒಂದೇ ಪುಟ ಹಿಡಿದು ಕೂತರೆ ನಾಲಿಗೆ ಆ ರಾಗಕ್ಕೆ ಬಿದ್ದುಬಿಡುತ್ತದೆ. 'ತಗೊಂಡು ಬಂದೆ' ಅನ್ನಲು ಬ್ರಿಂಗೆನ್‌ನಿಂದ 'ಗೆಬ್ರುಂಗೆನ್' ಅಂದೆ. ಸರಿಯಾದದ್ದು ಗೆಬ್ರಖ್ಟ್. ಅದು ಬೇರೆ ಮನೆಯದು, ಇಂಗ್ಲಿಷ್‌ನ ಬ್ರಾಟ್ ಥರ. ಆಮೇಲಿಂದ ಒಂದು ಪುಟಕ್ಕೆ ಮೂರು ದಿನ, ನಾಲ್ಕನೇ ದಿನದಿಂದ ಎಲ್ಲ ಪುಟಗಳನ್ನೂ ಕಲಸಿ ಹೇಳುವುದು. ಸ್ವಾರಸ್ಯ ಏನೆಂದರೆ ಈ ಸೆಳೆತ ಜರ್ಮನ್ನರಿಗೂ ಇದೆ. ಕೈಬೀಸುವುದಕ್ಕೆ ವಿಂಕೆನ್, ಅದು ಗೆವಿಂಕ್ಟ್ ಆಗಬೇಕು. ಆದರೆ 'ಗೆವುಂಕೆನ್' ಅನ್ನುವವರೂ ತುಂಬಾ ಜನ.

ಯಾವ ಮನೆಗೂ ಸೇರದವು ಕೆಲವೇ: ಹೋಗು, ಇರು, ನಿಲ್ಲು, ಮಾಡು. ಕನ್ನಡದಲ್ಲಿ ಬರು–ಬಂದ, ಹೋಗು–ಹೋದ ಇದ್ದ ಹಾಗೆ. ಇವಕ್ಕೆ ಪುಟವೇ ಬೇಕಾಗಲಿಲ್ಲ. ದಿನಕ್ಕೆ ಹತ್ತಾರು ಸಲ ಬರುವುದರಿಂದ ಎರಡೇ ವಾರಕ್ಕೆ ಕೂತವು. ಒಂದು ಕೂತರೆ ಅದರ ಮರಿಗಳೂ ಬರುತ್ತವೆ. ನಿಲ್ಲು ಅನ್ನುವ ಶ್ಟೇಯೆನ್‌ಗೆ ಗೆಶ್ಟಂಡೆನ್. ಅರ್ಥ ಮಾಡಿಕೊಳ್ಳು ಅನ್ನುವ ಫೆರ್‌ಶ್ಟೇಯೆನ್‌ಗೆ ಫೆರ್‌ಶ್ಟಂಡೆನ್, ಏಳು ಅನ್ನುವುದಕ್ಕೆ ಔಫ್‌ಗೆಶ್ಟಂಡೆನ್. ಪಟ್ಟಿಯಲ್ಲಿ ಮೂರು ಬೇರೆ ಸಾಲಿನಂತೆ ಕಂಡದ್ದು ಒಂದೇ.

ಎಂಟು ತಿಂಗಳಲ್ಲಿ ಸುಮಾರು 70 ಪದ ಬಾಯಿಗೆ ಕೂತವು. ಉಳಿದವು ಓದುವಾಗ ಅರ್ಥವಾಗುತ್ತವೆ, ಅಷ್ಟೇ. ಬೀಟೆನ್, ಬಿಟೆನ್ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಹೋದ ಶನಿವಾರ ಅಜ್ಜಿಗೆ 'ನಿಮ್ಮ ಮಗಳು ನನಗೆ ಕೇಕ್ ನೀಡಿದರು' ಅನ್ನಲು ಹೋಗಿ ಗೆಬೇಟೆನ್ ಅಂದೆ. ಅಂದರೆ ಕೇಕ್ ಬೇಡಿದ ಹಾಗಾಯಿತು. ಅಜ್ಜಿ ಒಳಗೆ ಹೋಗಿ ಇನ್ನೊಂದು ತುಂಡು ತಂದು ಕೊಟ್ಟರು.